ಆಂಟಿಬಯೋಟಿಕ್ ಕೊಡುವಾಗ ಏನು ಹೇಳಬೇಕು? "ಕೋರ್ಸ್ ಮುಗಿಸಿ" ಅಂದರೆ ಸಾಕಾ?

ಕೌಂಟರ್_ಸುಮಾ
ನಮ್ಮ ಔಷಧಿ ಅಂಗಡಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಅಂತ ಒಂದು ಚಿಕ್ಕ ಮಾತಿನ ಪಟ್ಟಿ ಬರೆಯುತ್ತಿದ್ದೇನೆ. ಆಂಟಿಬಯೋಟಿಕ್ ಕೈಗೆ ಕೊಡುವಾಗ ಎರಡು ನಿಮಿಷದೊಳಗೆ ಹೇಳಿ ಮುಗಿಸುವಂತಿರಬೇಕು. ಸದ್ಯಕ್ಕೆ ಹೀಗಿದೆ:

"ಇದು ಆಂಟಿಬಯೋಟಿಕ್. ದಿನಕ್ಕೆ ಮೂರು ಸಲ, ಐದು ದಿನ. ಹುಷಾರಾದರೂ ನಿಲ್ಲಿಸಬೇಡಿ, ಕೋರ್ಸ್ ಪೂರ್ತಿ ಮುಗಿಸಿ. ಮುಗಿಸದಿದ್ದರೆ ರೋಗಾಣುಗಳು ಬಲವಾಗುತ್ತವೆ. ಉಳಿದರೆ ಇಟ್ಟುಕೊಳ್ಳಬೇಡಿ. ಅರ್ಥವಾಯಿತಾ?"

ಎಲ್ಲರೂ ಅರ್ಥವಾಯಿತು ಅನ್ನುತ್ತಾರೆ. ಆಮೇಲೆ ಅದೇ ಜನ ಅರ್ಧ ಸ್ಟ್ರಿಪ್ ಹಿಡಿದುಕೊಂಡು ಬಂದು "ಇದು ಉಳಿದಿತ್ತು, ಈಗ ಕೆಮ್ಮಿಗೆ ನಡೆಯುತ್ತಾ?" ಅಂತ ಕೇಳುತ್ತಾರೆ. ಎಲ್ಲಿ ತಪ್ಪುತ್ತಿದೆ ಹೇಳಿ. ಒಂದೇ ಉದಾಹರಣೆ ಇಟ್ಟುಕೊಂಡು ಮಾತಾಡೋಣ: ಅಮಾಕ್ಸಿಸಿಲಿನ್ 500 ಮಿ.ಗ್ರಾಂ, ದಿನಕ್ಕೆ ಮೂರು, ಐದು ದಿನ. ರೋಗಿ ಬುಧವಾರ ಸಂಜೆ ಬಂದಿದ್ದಾರೆ, ರಾತ್ರಿ ಮೊದಲ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಾರೆ.

ನೇರಮಾತು
"ಅರ್ಥವಾಯಿತಾ?" ಅಂತ ಕೇಳಿದರೆ ಇಲ್ಲ ಅನ್ನುವವರು ಯಾರು ಮಾರಾಯ್ರೇ. ಅದನ್ನು ಮೊದಲು ಹೊಡೆದುಹಾಕಿ.

ಹಳೇ_ಫಾರ್ಮಸಿಸ್ಟ್
ಸುಮಾ ಅವರೇ, ನಿಮ್ಮ ಉದಾಹರಣೆಯಲ್ಲೇ ಉತ್ತರ ಇದೆ. ಸ್ವಲ್ಪ ಎಣಿಸಿ ನೋಡಿ.

ಒಟ್ಟು 15 ಕ್ಯಾಪ್ಸೂಲ್. ಬುಧವಾರ ರಾತ್ರಿ ಒಂದು. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ ದಿನಕ್ಕೆ ಮೂರರಂತೆ 12. ಅಲ್ಲಿಗೆ 13 ಆಯಿತು. ಉಳಿದ ಎರಡು ಸೋಮವಾರ ಬೆಳಿಗ್ಗೆ ಮತ್ತು ಮಧ್ಯಾಹ್ನ. ಅಂದರೆ ಕೋರ್ಸ್ ಮುಗಿಯುವುದು ಸೋಮವಾರ ಮಧ್ಯಾಹ್ನ.

ಆದರೆ ರೋಗಿಯ ಲೆಕ್ಕ ಏನು? ಬುಧ, ಗುರು, ಶುಕ್ರ, ಶನಿ, ಭಾನು. ಐದು ದಿನ ಆಯಿತಲ್ಲ! ಭಾನುವಾರ ರಾತ್ರಿ ನಿಲ್ಲಿಸುತ್ತಾರೆ, ಎರಡು ಉಳಿಯುತ್ತವೆ. ಅವರು ನಿಮ್ಮ ಮಾತು ಮೀರಲಿಲ್ಲ. ನೀವು ಐದು ದಿನ ಅಂದಿರಿ, ಅವರು ಐದು ದಿನ ತಿಂದರು. ಬೆಳಿಗ್ಗೆ ಶುರು ಮಾಡುವವರಿಗೆ ಈ ತೊಂದರೆ ಇಲ್ಲ. ಆದರೆ ಕ್ಲಿನಿಕ್ ಮುಗಿಸಿಕೊಂಡು ಸಂಜೆ ಬರುವವರೇ ಜಾಸ್ತಿ ಅಲ್ವಾ?

ಅದಕ್ಕೇ ನಾನು "ಕೋರ್ಸ್" ಅನ್ನುವ ಮಾತನ್ನೇ ಎತ್ತುವುದಿಲ್ಲ. "ಇವತ್ತು ರಾತ್ರಿ ಮೊದಲನೆಯದು, ಸೋಮವಾರ ಮಧ್ಯಾಹ್ನ ಕೊನೆಯದು. ಆಗ ಡಬ್ಬಿ ಖಾಲಿ ಆಗಿರಬೇಕು" ಅನ್ನುತ್ತೇನೆ. ಹಾಗೇ ಡಬ್ಬಿಯ ಮೇಲೆ "ಕೊನೆಯದು: ಸೋಮವಾರ ಮಧ್ಯಾಹ್ನ" ಅಂತ ದಪ್ಪ ಪೆನ್ನಿನಲ್ಲಿ ಬರೆಯುತ್ತೇನೆ. ಮನೆಗೆ ಹೋದ ಮೇಲೆ ನನ್ನ ಮಾತು ಮರೆತುಹೋಗುತ್ತದೆ, ಬರೆದದ್ದು ಡಬ್ಬಿಯ ಮೇಲೇ ಇರುತ್ತದೆ.

ರಾತ್ರಿಪಾಳಿ
ಲೆಕ್ಕ ಸರಿ ಸರ್. ಆದರೆ ಡಬ್ಬಿ ಖಾಲಿ ಆಗಬೇಕು ಅಂದರೆ ಡಬ್ಬಿಯಲ್ಲಿ 15 ಮಾತ್ರ ಇರಬೇಕಲ್ಲ. ಹತ್ತರ ಸ್ಟ್ರಿಪ್ ಎರಡು ಕೊಟ್ಟರೆ 20 ಹೋಯಿತು. ರೋಗಿ ಒಂದೂ ತಪ್ಪಿಸದೆ ತೆಗೆದುಕೊಂಡರೂ ಮನೆಯಲ್ಲಿ ಐದು ಉಳಿಯುತ್ತವೆ. ಉಳಿಸಿದ್ದು ರೋಗಿಯಲ್ಲ, ನಾವು.

ಹಳೇ_ಫಾರ್ಮಸಿಸ್ಟ್
ಅದಕ್ಕಿಂತ ಕೆಟ್ಟದ್ದೂ ಇದೆ. 20 ಕೊಟ್ಟು "ಎಲ್ಲಾ ಮುಗಿಸಿ" ಅಂದರೆ ಮಾತು ಕೇಳುವ ರೋಗಿ 20ನ್ನೂ ಮುಗಿಸುತ್ತಾರೆ. ಐದು ದಿನದ ಚೀಟಿ ಸುಮಾರು ಏಳು ದಿನ ಆಗುತ್ತದೆ. ವಿಧೇಯರಿಗೆ ಜಾಸ್ತಿ ಔಷಧಿ, ಅವಿಧೇಯರಿಗೆ ಮನೆಯಲ್ಲಿ ದಾಸ್ತಾನು. ಎಣಿಸಿ ಕೊಡದೆ ಬರೀ ಬುದ್ಧಿ ಹೇಳಿ ಏನೂ ಪ್ರಯೋಜನ ಇಲ್ಲ.

ಪುಟ್ಟಣ್ಣಿ
ಸ್ಟ್ರಿಪ್ ಕತ್ತರಿಸಿದರೆ ಎಕ್ಸ್‌ಪೈರಿ ದಿನಾಂಕ ಕಾಣುವುದಿಲ್ಲ ಅಂತ ಜಗಳ ಮಾಡುತ್ತಾರಲ್ಲ, ಅದಕ್ಕೇನು ಮಾಡುತ್ತೀರಿ?

ರಾತ್ರಿಪಾಳಿ
ಜಗಳ ಮಾಡುವುದು ನ್ಯಾಯವೇ. ದಿನಾಂಕ ಮತ್ತು ಬ್ಯಾಚ್ ನಂಬರ್ ಎಷ್ಟೋ ಸ್ಟ್ರಿಪ್‌ಗಳಲ್ಲಿ ಒಂದು ತುದಿಯಲ್ಲಷ್ಟೇ ಇರುತ್ತದೆ. ನಾವು ಅಚ್ಚಿಲ್ಲದ ತುದಿಯಿಂದ ಕತ್ತರಿಸುತ್ತೇವೆ. ಅಂಗಡಿಯಲ್ಲಿ ಉಳಿಯುವ ತುಂಡಿನಲ್ಲಿ ದಿನಾಂಕ ಹಾಗೇ ಇರುತ್ತದೆ. ರೋಗಿಗೆ ಹೋಗುವ ತುಂಡನ್ನು ಕವರಿಗೆ ಹಾಕಿ, ಕವರಿನ ಮೇಲೆ ಔಷಧಿಯ ಹೆಸರು, ಶಕ್ತಿ, ಬ್ಯಾಚ್, ಎಕ್ಸ್‌ಪೈರಿ ಬರೆಯುತ್ತೇವೆ. ಕ್ಯಾಪ್ಸೂಲನ್ನು ಸ್ಟ್ರಿಪ್‌ನಿಂದ ಬಿಡಿಸಿ ಕೊಡುವುದಂತೂ ಬೇಡ, ತೇವಕ್ಕೆ ಹಾಳಾಗುತ್ತದೆ.

ವಿಜ್ಞಾನ_ಮೇಷ್ಟ್ರು
ಎಣಿಕೆ, ಕತ್ತರಿ ಎಲ್ಲ ಸರಿ. ಆದರೆ "ರೋಗಾಣುಗಳು ಬಲವಾಗುತ್ತವೆ" ಅನ್ನುವ ಸಾಲನ್ನು ಮಾತ್ರ ತೆಗೆಯಬೇಡಿ. ಅದೇ ಮುಖ್ಯ. ಮೊದಲು ಬಲಹೀನ ಬ್ಯಾಕ್ಟೀರಿಯಾ ಸಾಯುತ್ತವೆ, ಗಟ್ಟಿಯವು ಕೊನೆಗೆ ಉಳಿಯುತ್ತವೆ. ಮಧ್ಯದಲ್ಲಿ ನಿಲ್ಲಿಸಿದರೆ ಆ ಗಟ್ಟಿಯವೇ ಬೆಳೆಯುತ್ತವೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರೇ ನೊಬೆಲ್ ಭಾಷಣದಲ್ಲಿ ಎಚ್ಚರಿಸಿದ್ದರು. ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ.

ಲ್ಯಾಬ್_ಕೋಟು
ಮೇಷ್ಟ್ರೇ, ಅರ್ಧ ಒಪ್ಪುತ್ತೇನೆ. ಸೋಂಕುರೋಗದ ವಿಭಾಗದಲ್ಲಿ ಕೆಲಸ ಮಾಡುವವನಾಗಿ ಇನ್ನರ್ಧದ ಬಗ್ಗೆ ಹೇಳುತ್ತೇನೆ.

ಫ್ಲೆಮಿಂಗ್ 1945ರ ಡಿಸೆಂಬರ್‌ನ ಭಾಷಣದಲ್ಲಿ ಒಂದು ಕಲ್ಪಿತ ಕಥೆ ಹೇಳಿದ್ದು ನಿಜ. ಒಬ್ಬ ಗಂಟಲು ನೋವಿಗೆ ತಾನೇ ಪೆನಿಸಿಲಿನ್ ಕೊಂಡು ತೆಗೆದುಕೊಳ್ಳುತ್ತಾನೆ. ಅದು ಸಾಲದಷ್ಟು ಇರುತ್ತದೆ. ಸ್ಟ್ರೆಪ್ಟೋಕಾಕಸ್ ಸಾಯುವ ಬದಲು ಪೆನಿಸಿಲಿನ್ ತಡೆಯಲು ಕಲಿಯುತ್ತದೆ, ಅವನ ಹೆಂಡತಿಗೆ ಹರಡುತ್ತದೆ, ಆಕೆ ನ್ಯುಮೋನಿಯಾ ಆಗಿ ಸಾಯುತ್ತಾಳೆ. ಗಮನಿಸಿ, ಅಲ್ಲಿನ ದೂರು ಕಡಿಮೆ ಪ್ರಮಾಣದ ಬಗ್ಗೆ. ಐದನೇ ದಿನ ನಿಲ್ಲಿಸಿದನೋ ಏಳನೇ ದಿನವೋ ಅನ್ನುವ ಬಗ್ಗೆ ಅಲ್ಲ. ತಮಾಷೆ ಏನೆಂದರೆ, ಗಂಟಲಿಗೆ ಬರುವ ಆ ಸ್ಟ್ರೆಪ್ಟೋಕಾಕಸ್ ಇವತ್ತಿಗೂ ಪೆನಿಸಿಲಿನ್‌ಗೆ ಬಗ್ಗುತ್ತದೆ.

ಕ್ಷಯರೋಗದ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಅಲ್ಲಿ ಸೋಂಕು ಉಂಟುಮಾಡಿದ ಬ್ಯಾಕ್ಟೀರಿಯಾದಲ್ಲೇ ಔಷಧಿಯನ್ನು ಮೀರುವ ಗುಣ ಹುಟ್ಟುತ್ತದೆ. ಅದಕ್ಕೇ ಹಲವು ಔಷಧಿ ಸೇರಿಸಿ ತಿಂಗಳುಗಟ್ಟಲೆ ಕೊಡುವುದು. ಆದರೆ ಮಾಮೂಲಿ ಸೋಂಕುಗಳಲ್ಲಿ ದೊಡ್ಡ ಪಾಲು ತೊಂದರೆ ಬೇರೆ ಕಡೆ ಆಗುತ್ತದೆ. ಕ್ಯಾಪ್ಸೂಲ್ ನುಂಗಿದಾಗ ಔಷಧಿ ನೋವಿರುವ ಜಾಗಕ್ಕೆ ಮಾತ್ರ ಹೋಗುವುದಿಲ್ಲ. ಕರುಳು, ಚರ್ಮ, ಬಾಯಲ್ಲಿ ಸುಮ್ನೆ ತಮ್ಮ ಪಾಡಿಗೆ ಇರುವ ಬ್ಯಾಕ್ಟೀರಿಯಾಗಳಿಗೂ ತಗಲುತ್ತದೆ. ಅವುಗಳಲ್ಲಿ ಔಷಧಿಗೆ ಸಾಯದವು ಉಳಿದು ಹೆಚ್ಚುತ್ತವೆ. ಔಷಧಿ ಎಷ್ಟು ದಿನ ನಡೆಯುತ್ತದೋ ಅಷ್ಟು ದಿನ ಈ ಆಯ್ಕೆ ನಡೆಯುತ್ತಲೇ ಇರುತ್ತದೆ. ಹಾಗಾಗಿ ಅಗತ್ಯಕ್ಕಿಂತ ಉದ್ದದ ಕೋರ್ಸ್ ಕೂಡ ಇದೇ ಸಮಸ್ಯೆಯನ್ನು ಬೆಳೆಸುತ್ತದೆ. 2017ರಲ್ಲಿ ಮಾರ್ಟಿನ್ ಲೆವೆಲಿನ್ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದು ಇದನ್ನೇ: ಬೇಗ ನಿಲ್ಲಿಸಿದರೆ ಪ್ರತಿರೋಧ ಹೆಚ್ಚುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ.

ನೇರಮಾತು
ಓಹೋ. ಹಾಗಾದರೆ ಹುಷಾರಾದ ಕೂಡಲೇ ನಿಲ್ಲಿಸಿ ಅಂತ ಹೇಳೋಣವಾ? ಇದನ್ನು ಓದಿ ನಾಳೆಯಿಂದ ಎಲ್ಲರೂ ಎರಡನೇ ದಿನಕ್ಕೇ ನಿಲ್ಲಿಸುತ್ತಾರೆ.

ಲ್ಯಾಬ್_ಕೋಟು
ಇಲ್ಲ. ಎಷ್ಟು ದಿನ ಅನ್ನುವುದು ಚೀಟಿ ಬರೆಯುವ ಹೊತ್ತಿಗೆ ತೀರ್ಮಾನ ಆಗಬೇಕು. ಈಗ ಎಷ್ಟೋ ಸೋಂಕುಗಳಿಗೆ ಮೊದಲಿಗಿಂತ ಕಡಿಮೆ ದಿನ ಬರೆಯುತ್ತಾರೆ. ಆಸ್ಪತ್ರೆಗೆ ಸೇರಬೇಕಿಲ್ಲದ, ಬೇಗ ಸುಧಾರಿಸುತ್ತಿರುವ ನ್ಯುಮೋನಿಯಾಕ್ಕೂ ಐದು ದಿನ ಸಾಕು ಅಂತ ಪರೀಕ್ಷಿಸಿ ನೋಡಿಯೇ ಹೇಳಿದ್ದಾರೆ. ಆ ಐದರಲ್ಲಿ ರೋಗಿ ಮತ್ತೆ ಮೂರು ಕಳೆದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಕಾರಣ, ಕೌಂಟರ್‌ನಲ್ಲಿ ನಿಂತವರಿಗೆ ರೋಗ ಯಾವುದು ಅಂತ ಎಷ್ಟೋ ಸಲ ಗೊತ್ತಿರುವುದಿಲ್ಲ. ಸ್ಟ್ರೆಪ್ಟೋಕಾಕಸ್ ಗಂಟಲು ನೋವು ಎರಡು ಮೂರು ದಿನದಲ್ಲಿ ಕಡಿಮೆ ಆಗುತ್ತದೆ. ಆದರೂ ಅದಕ್ಕೆ ಪೆನಿಸಿಲಿನ್ 10 ದಿನ ಬರೆಯುವ ರೂಢಿ ಇರುವುದು ಗಂಟಲಿಗಾಗಿ ಅಲ್ಲ, ಆಮೇಲೆ ಬರಬಹುದಾದ ರುಮ್ಯಾಟಿಕ್ ಜ್ವರ ಹೃದಯಕ್ಕೆ ತಗಲದಿರಲಿ ಅಂತ. "ಹುಷಾರಾದೆ" ಅನ್ನುವ ಅಳತೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹಾಗಾಗಿ ಸುಮಾ ಅವರೇ, ಹೆದರಿಸುವ ಸಾಲು ತೆಗೆಯಿರಿ. "ಬರೆದಷ್ಟು ದಿನ, ಅದಕ್ಕಿಂತ ಕಡಿಮೆಯೂ ಬೇಡ ಜಾಸ್ತಿಯೂ ಬೇಡ. ಮುಂಚೆ ನಿಲ್ಲಿಸಬೇಕು ಅನ್ನಿಸಿದರೆ ನಿಲ್ಲಿಸುವ ಮೊದಲು ಒಂದು ಫೋನ್ ಮಾಡಿ" ಅನ್ನಿ. ಇದು ಹಳೆಯ ಮಾತಿಗಿಂತ ನಿಜ, ಮತ್ತು ಫೋನ್ ಮಾಡುವ ದಾರಿ ತೆರೆದಿಡುತ್ತದೆ.

ವಿಜ್ಞಾನ_ಮೇಷ್ಟ್ರು
ಕರುಳಿನ ಬ್ಯಾಕ್ಟೀರಿಯಾದ ವಿಷಯ ಒಪ್ಪಿದೆ. ಆದರೆ ಜನಸಾಮಾನ್ಯರಿಗೆ ಸರಳ ಸಂದೇಶ ಬೇಕು ಸ್ವಾಮಿ. "ಮುಗಿಸಿ" ಅನ್ನುವುದು ಒಂದು ಪದ. ನೀವು ಹೇಳುವುದು ನಾಲ್ಕು ಸಾಲು.

ಹಳೇ_ಫಾರ್ಮಸಿಸ್ಟ್
"ಸೋಮವಾರ ಮಧ್ಯಾಹ್ನ" ಎರಡೇ ಪದ ಮೇಷ್ಟ್ರೇ.

ಎರಡು_ಮಕ್ಕಳ_ಅಮ್ಮ
ನಮಸ್ಕಾರ. ಇಲ್ಲಿ ಎಲ್ಲ ತಿಳಿದವರು ಇದ್ದೀರಿ ಅಂತ ಕೇಳುತ್ತಿದ್ದೇನೆ. ನನ್ನ ಹತ್ತಿರ ಸೆಫಿಕ್ಸಿಮ್ 200 ಆರು ಮಾತ್ರೆ ಇದೆ, ಹೋದ ಸಲದ್ದು. ಎಕ್ಸ್‌ಪೈರಿ ಇನ್ನೂ ಆಗಿಲ್ಲ. ನಿನ್ನೆಯಿಂದ ಗಂಟಲು ನೋವು, ಮೂಗು ಸೋರುತ್ತಿದೆ. ಹೇಗೂ ಮುಗಿಸಬೇಕು ಅಂತ ನೀವೇ ಹೇಳುತ್ತಿದ್ದೀರಲ್ಲ, ಈಗ ಅದನ್ನೇ ಮುಗಿಸಿಬಿಡಲಾ?

ನೇರಮಾತು
😂 ಸುಮಾ ಮೇಡಂ, ನಿಮ್ಮ "ಮುಗಿಸಿ" ಎಲ್ಲಿಗೆ ಬಂತು ನೋಡಿ.

ಹಳೇ_ಫಾರ್ಮಸಿಸ್ಟ್
ನಗಬೇಡಿ, ತುಂಬಾ ಜನ ಹೀಗೇ ತಿಳಿದುಕೊಳ್ಳುತ್ತಾರೆ.

ಅಮ್ಮಾ, ಬೇಡ. ಮೂಗು ಸೋರುತ್ತಿರುವ ಗಂಟಲು ನೋವು ಹೆಚ್ಚಾಗಿ ವೈರಸ್‌ನಿಂದ ಬಂದದ್ದಾಗಿರುತ್ತದೆ. ವೈರಸ್‌ಗೆ ಆ ಮಾತ್ರೆ ಏನೂ ಮಾಡುವುದಿಲ್ಲ, ಕರುಳಿಗೆ ಮಾತ್ರ ಕೆಲಸ ಕೊಡುತ್ತದೆ. ಒಂದು ವೇಳೆ ಬ್ಯಾಕ್ಟೀರಿಯಾದ್ದೇ ಆಗಿದ್ದರೂ ಆರು ಮಾತ್ರೆ ಯಾರೂ ಲೆಕ್ಕ ಹಾಕಿ ಇಟ್ಟದ್ದಲ್ಲ, ಅಕಸ್ಮಾತ್ ಉಳಿದದ್ದು. ಎರಡು ಡೋಸ್ ತೆಗೆದುಕೊಂಡು ಆಮೇಲೆ ಡಾಕ್ಟರ ಹತ್ತಿರ ಹೋದರೆ ಗಂಟಲಿನ ಪರೀಕ್ಷೆಯಲ್ಲಿ ರೋಗಾಣು ಕಾಣದೇ ಹೋಗಬಹುದು. ಎಂಜಲು ನುಂಗಲು ಆಗದಷ್ಟು ನೋವು, ಉಸಿರಿಗೆ ತೊಂದರೆ, ಬಾಯಿ ತೆರೆಯಲು ಕಷ್ಟ ಇದ್ದರೆ ಮಾತ್ರ ಈಗಲೇ ಹೋಗಿ ತೋರಿಸಿ.

ಒಂದು ಕೇಳಲಾ? ಹೋದ ಸಲ ಆರು ಯಾಕೆ ಉಳಿಯಿತು?

ಎರಡು_ಮಕ್ಕಳ_ಅಮ್ಮ
ಹೊಟ್ಟೆ ಕೆಟ್ಟಿತು ಸರ್. ಎರಡನೇ ದಿನದಿಂದ ಭೇದಿ. ಔಷಧಿ ನನಗೆ ಆಗಿಬರುವುದಿಲ್ಲ ಅಂತ ಬಿಟ್ಟೆ. ಯಾರಿಗೆ ಕೇಳಬೇಕು ಅಂತ ಗೊತ್ತಾಗಲಿಲ್ಲ. ಜ್ವರ ಹೇಗೂ ಬಿಟ್ಟಿತ್ತು.

ರಾತ್ರಿಪಾಳಿ
ಸುಮಾ ಅವರೇ, ನಿಮ್ಮ ಪಟ್ಟಿಯಲ್ಲಿ ಇಲ್ಲದ ಸಾಲು ಇದು. ಅಮ್ಮ ಉದಾಸೀನದಿಂದ ಬಿಟ್ಟವರಲ್ಲ. ಭೇದಿ ಆಗಬಹುದು ಅಂತ ಯಾರಾದರೂ ಮೊದಲೇ ಹೇಳಿದ್ದರೆ, ಎಷ್ಟಾದರೆ ಸಹಿಸಬಹುದು, ಯಾವಾಗ ಕರೆ ಮಾಡಬೇಕು ಅಂತ ಗೊತ್ತಿರುತ್ತಿತ್ತು.

ಲ್ಯಾಬ್_ಕೋಟು
ಹೌದು. ಅಮಾಕ್ಸಿಸಿಲಿನ್‌ಗೂ ಅದೇ. ಸ್ವಲ್ಪ ಹೊಟ್ಟೆ ಸಡಿಲ ಆಗುವುದು ಮಾಮೂಲು. ದಿನಕ್ಕೆ ಒಂದೆರಡು ಸಲ ಜಾಸ್ತಿ ಹೋದರೆ ನೀರು ಚೆನ್ನಾಗಿ ಕುಡಿದು ಮುಂದುವರಿಸಬಹುದು. ನೀರಿನಂತೆ ಪದೇಪದೇ ಆದರೆ, ರಕ್ತ ಕಂಡರೆ, ಹೊಟ್ಟೆ ಹಿಂಡಿದಂತೆ ನೋವಾದರೆ ತಕ್ಷಣ ಕೇಳಬೇಕು. ಈ ಜಾತಿಯ ಭೇದಿ ಕೆಲವರಿಗೆ ಔಷಧಿ ಮುಗಿದು ವಾರಗಳಾದ ಮೇಲೂ ಬರುತ್ತದೆ. ಆಗ "ಇತ್ತೀಚೆಗೆ ಆಂಟಿಬಯೋಟಿಕ್ ತೆಗೆದುಕೊಂಡಿದ್ದೆ" ಅಂತ ಡಾಕ್ಟರಿಗೆ ಹೇಳುವುದು ಮುಖ್ಯ. ಭೇದಿ ನಿಲ್ಲಿಸುವ ಮಾತ್ರೆಯನ್ನು ತಾವೇ ತೆಗೆದುಕೊಳ್ಳಬಾರದು.

ಅಲರ್ಜಿ ಬೇರೆ ಲೆಕ್ಕ. ಮೈಮೇಲೆ ತುರಿಸುವ ದದ್ದು, ಮುಖ ತುಟಿ ಊತ, ಉಸಿರಾಟಕ್ಕೆ ತೊಂದರೆ. ಇಲ್ಲಿ ಮಾತ್ರ "ಮೊದಲು ಫೋನ್ ಮಾಡಿ, ಆಮೇಲೆ ನಿಲ್ಲಿಸಿ" ಅನ್ನುವಂತಿಲ್ಲ. ಮೊದಲು ನಿಲ್ಲಿಸಬೇಕು. ಊತ ಅಥವಾ ಉಸಿರಿನ ತೊಂದರೆ ಇದ್ದರೆ ನೇರ ಆಸ್ಪತ್ರೆಗೆ. ಅದಕ್ಕೂ ಮುಂಚೆ, ಔಷಧಿ ಕೈಗೆ ಕೊಡುವ ಮೊದಲೇ "ಪೆನಿಸಿಲಿನ್ ತೆಗೆದುಕೊಂಡಾಗ ಯಾವತ್ತಾದರೂ ತೊಂದರೆ ಆಗಿತ್ತಾ, ಏನಾಗಿತ್ತು?" ಅಂತ ಕೇಳಬೇಕು. "ಏನಾಗಿತ್ತು" ಬಿಡಬೇಡಿ. ಹೊಟ್ಟೆ ಕೆಟ್ಟದ್ದನ್ನೂ ಜನ ಅಲರ್ಜಿ ಅನ್ನುತ್ತಾರೆ.

ಬಿಡುವಿಲ್ಲದವ
ನೀವೆಲ್ಲ ಯಾವ ಲೋಕದಲ್ಲಿದ್ದೀರಿ? ಕೌಂಟರ್ ಮುಂದೆ ಸಾಲು ಬಾಗಿಲ ತನಕ ಇರುತ್ತದೆ. ಅಲರ್ಜಿ, ಭೇದಿ, ಸೋಮವಾರ, ಕತ್ತರಿ, ಎಕ್ಸ್‌ಪೈರಿ... ಇಷ್ಟೆಲ್ಲ ಹೇಳುತ್ತಾ ಕೂತರೆ ಹಿಂದಿನವರು ನನ್ನನ್ನೇ ಕತ್ತರಿಸುತ್ತಾರೆ.

ಹಳೇ_ಫಾರ್ಮಸಿಸ್ಟ್
ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ. ಹೇಳುವುದನ್ನು ಕಡಿಮೆ ಮಾಡಿ, ಕೇಳುವುದನ್ನು ಜಾಸ್ತಿ ಮಾಡಿ. ಅಮೆರಿಕದ ಮೂಲನಿವಾಸಿಗಳಿಗಾಗಿ ಇರುವ ಇಂಡಿಯನ್ ಹೆಲ್ತ್ ಸರ್ವಿಸ್‌ನ ಫಾರ್ಮಸಿಸ್ಟರು ಬಳಸುತ್ತಿದ್ದ ಮೂರು ಪ್ರಶ್ನೆಗಳ ರೀತಿ ಇದೆ: ಇದು ಯಾತಕ್ಕೆ ಅಂತ ಡಾಕ್ಟರು ಹೇಳಿದರು? ಹೇಗೆ ತೆಗೆದುಕೊಳ್ಳಲು ಹೇಳಿದರು? ತೆಗೆದುಕೊಂಡರೆ ಏನಾಗುತ್ತದೆ ಅಂತ ಹೇಳಿದರು? ರೋಗಿಗೆ ಗೊತ್ತಿರುವುದನ್ನು ಮತ್ತೆ ಹೇಳಬೇಕಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಮಾತ್ರ ನೀವು ಬಾಯಿ ತೆರೆಯುತ್ತೀರಿ. ಸಮಯ ಉಳಿಯುತ್ತದೆ.

ಕೊನೆಗೆ "ಅರ್ಥವಾಯಿತಾ" ಬದಲು "ನಾನು ಸರಿಯಾಗಿ ಹೇಳಿದೆನಾ ಅಂತ ನೋಡಿಕೊಳ್ಳಬೇಕು. ಮೊದಲನೆಯದು ಯಾವಾಗ, ಕೊನೆಯದು ಯಾವಾಗ, ನೀವೇ ಹೇಳಿ" ಅನ್ನಿ. ಪರೀಕ್ಷೆ ನನ್ನದು ಅನ್ನುವ ಧ್ವನಿಯಲ್ಲಿ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. "ಭಾನುವಾರ ರಾತ್ರಿ" ಅಂದರೆ ಅಲ್ಲೇ ಗೊತ್ತಾಯಿತು, ಎರಡು ಉಳಿಯುತ್ತವೆ.

ಬಿಡುವಿಲ್ಲದವ
ಅದು ಪರವಾಗಿಲ್ಲ. ಒಂದು ಪ್ರಶ್ನೆ ಆದರೆ ಕೇಳಬಹುದು. ಮೂರು ಕೇಳುವುದು ಸಾಲು ಕಡಿಮೆ ಇರುವ ಹೊತ್ತಿಗೆ.

ಪುಟ್ಟಣ್ಣಿ
ಮೂರು ಸಲ ಅಂದರೆ ಎಂಟು ಗಂಟೆಗೊಮ್ಮೆ ಅಂತ ನಮ್ಮ ಭಾವ ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಮನೆಮಂದಿಯನ್ನೆಲ್ಲ ಎಬ್ಬಿಸುತ್ತಾರೆ. ಮೂರನೇ ದಿನ ಅಕ್ಕ ಅಲಾರಂ ಕಿತ್ತು ಬಿಸಾಡಿದಳು, ಅವರು ರಾತ್ರಿಯ ಡೋಸನ್ನೇ ಬಿಟ್ಟರು. ಇದು ಬೇಕಾ?

ರಾತ್ರಿಪಾಳಿ
ಬೇಡ. ಅಮಾಕ್ಸಿಸಿಲಿನ್‌ಗೆ ಎದ್ದ ಕೂಡಲೇ, ಮಧ್ಯಾಹ್ನ, ಮಲಗುವಾಗ ಅಂದರೆ ಸಾಕು. ಆದಷ್ಟು ಸಮ ಅಂತರ ಇರಲಿ ಅಷ್ಟೇ. ನಿದ್ದೆ ಕೆಡಿಸುವ ವೇಳಾಪಟ್ಟಿ ಕೊಟ್ಟರೆ ಮೂರನೇ ದಿನಕ್ಕೆ ಬಿಟ್ಟೇ ಬಿಡುತ್ತಾರೆ. ಎಲ್ಲರಿಗೂ ಕಷ್ಟ ಆಗುವುದು ಮಧ್ಯಾಹ್ನದ ಡೋಸ್. ಕೆಲಸಕ್ಕೆ ಹೋಗುವವರು ಡಬ್ಬಿ ಮನೆಯಲ್ಲಿ ಬಿಟ್ಟಿರುತ್ತಾರೆ. "ಮಧ್ಯಾಹ್ನ ಎಲ್ಲಿರುತ್ತೀರಿ?" ಅಂತ ನಾನು ಕೇಳುತ್ತೇನೆ. ಅಷ್ಟಕ್ಕೇ ಅವರಿಗೆ ಚೀಲದಲ್ಲಿ ಇಟ್ಟುಕೊಳ್ಳಬೇಕು ಅಂತ ಹೊಳೆಯುತ್ತದೆ.

ಗುಂಡಪ್ಪಿ
ಮಧ್ಯಾಹ್ನದ್ದು ಮರೆತರೆ ರಾತ್ರಿ ಎರಡು ಒಟ್ಟಿಗೆ ನುಂಗಿದರೆ ಆಯಿತು. ಲೆಕ್ಕ ಸರಿಹೋಗುತ್ತದೆ.

ರಾತ್ರಿಪಾಳಿ
ಹಾಗಲ್ಲ ಗುಂಡಪ್ಪಿ. ನೆನಪಾದ ಕೂಡಲೇ ಒಂದು ತೆಗೆದುಕೊಳ್ಳಬೇಕು. ಮುಂದಿನ ಡೋಸ್‌ನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟು ಮುಂದಿನದನ್ನು ಅದರ ಹೊತ್ತಿಗೆ. ಎರಡು ಒಟ್ಟಿಗೆ ಬೇಡ, ಹೊಟ್ಟೆ ಕೆಡುವುದೇ ಲಾಭ.

ಕೌಂಟರ್_ಸುಮಾ
ಇಲ್ಲಿ ನನಗೇ ಗೊಂದಲ. ಒಂದು ಡೋಸ್ ಬಿಟ್ಟರೆ ಸೋಮವಾರ ಮಧ್ಯಾಹ್ನ ಒಂದು ಉಳಿಯುತ್ತದೆ. ಅದನ್ನು ರಾತ್ರಿಗೆ ತೆಗೆದುಕೊಳ್ಳಲಿ ಅನ್ನುವುದಾ, ದಿನಾಂಕ ಮುಗಿಯಿತು ಬಿಡಿ ಅನ್ನುವುದಾ?

ಹಳೇ_ಫಾರ್ಮಸಿಸ್ಟ್
ನಾನು ತೆಗೆದುಕೊಳ್ಳಿ ಅನ್ನುತ್ತೇನೆ. ಒಂದೆರಡು ಡೋಸ್ ಆದರೆ ಕೊನೆ ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ಮುಗಿದೇ ಹೋಗುತ್ತದೆ, ಮನೆಯಲ್ಲಿ ಉಳಿಯುವುದಿಲ್ಲ.

ಲ್ಯಾಬ್_ಕೋಟು
ನಾನಾದರೆ ಆ ಒಂದು ಕ್ಯಾಪ್ಸೂಲ್‌ಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ಎರಡೂ ನಡೆಯುತ್ತದೆ. ಒಂದು ದಿನ ಪೂರ್ತಿ ಅಥವಾ ಅದಕ್ಕಿಂತ ಜಾಸ್ತಿ ತಪ್ಪಿದ್ದರೆ ಮಾತ್ರ ಬರೆದ ಡಾಕ್ಟರನ್ನು ಕೇಳಬೇಕು. ಕೆಲವು ಸೋಂಕಿಗೆ ಮುಂದುವರಿಸಿ ಅಂತಾರೆ, ಕೆಲವಕ್ಕೆ ಮತ್ತೆ ನೋಡಬೇಕು ಅಂತಾರೆ.

ಹಳೇ_ಫಾರ್ಮಸಿಸ್ಟ್
"ಎರಡೂ ನಡೆಯುತ್ತದೆ" ಅಂತ ಕೌಂಟರ್‌ನಲ್ಲಿ ಹೇಳಿದರೆ ಆ ಒಂದು ಹೋಗಿ ಡ್ರಾಯರ್ ಸೇರುತ್ತದೆ ಸ್ವಾಮಿ. ನನ್ನ ಮಾತೇ ನನಗೆ ಸರಿ.

ಸಿರಪ್_ಶಾಲಿನಿ
ನೀವೆಲ್ಲ ಕ್ಯಾಪ್ಸೂಲ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಮಕ್ಕಳ ಪುಡಿ ಸಿರಪ್‌ಗೆ ಈ ಪಟ್ಟಿ ಪೂರ್ತಿ ಉಲ್ಟಾ. ನೀರು ಬೆರೆಸಿದ ಮೇಲೆ 100 ಮಿ.ಲೀ. ಆಗುವ ಬಾಟಲಿ ಇದೆ ಅಂದುಕೊಳ್ಳಿ. ಮಗುವಿಗೆ ಬರೆದದ್ದು 5 ಮಿ.ಲೀ. ದಿನಕ್ಕೆ ಮೂರು ಸಲ, ಐದು ದಿನ. 75 ಮಿ.ಲೀ. ಆಯಿತು. 25 ಮಿ.ಲೀ. ಉಳಿಯಲೇಬೇಕು. ಇಲ್ಲಿ "ಬಾಟಲಿ ಮುಗಿಸಿ" ಅಂದರೆ ಅಪ್ಪ ಅಮ್ಮ ಇನ್ನೂ ಐದು ಡೋಸ್ ಜಾಸ್ತಿ ಕುಡಿಸುತ್ತಾರೆ. ಹೇಳದಿದ್ದರೆ ಆ 25 ಫ್ರಿಜ್‌ನಲ್ಲಿ ಇದ್ದು ಮುಂದಿನ ತಿಂಗಳು ತಮ್ಮನಿಗೆ ಹೋಗುತ್ತದೆ. ನೀರು ಬೆರೆಸಿದ ಮೇಲೆ ಅದರ ಆಯಸ್ಸು ಏಳು ದಿನವೋ ಹದಿನಾಲ್ಕು ದಿನವೋ, ಆಯಾ ಬಾಟಲಿಯಲ್ಲಿ ಬರೆದಿರುತ್ತದೆ. ಡಬ್ಬಿಯ ಮೇಲಿನ ಎಕ್ಸ್‌ಪೈರಿ ಪುಡಿಗೆ ಮಾತ್ರ. ತಾಯಂದಿರು ನೋಡುವುದು ಅದನ್ನೇ!

ನಾನು ಹೇಳುವುದು: "ಸೋಮವಾರ ಮಧ್ಯಾಹ್ನದ ಡೋಸ್ ಕೊನೆಯದು. ಆಗ ಬಾಟಲಿಯಲ್ಲಿ ಕಾಲು ಭಾಗ ಇರುತ್ತದೆ, ಅದು ಇರಬೇಕಾದದ್ದೇ. ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ." ಅದಕ್ಕಿಂತ ತುಂಬಾ ಜಾಸ್ತಿ ಉಳಿದರೆ ಚಮಚದ ಅಳತೆ ತಪ್ಪಿದೆ, ಅಥವಾ ಡೋಸ್ ಬಿಟ್ಟಿದೆ. ಅಡುಗೆ ಚಮಚ ಬೇಡ ಅಂತ ಅಳತೆಯ ಸಿರಿಂಜ್ ಕೊಟ್ಟು 5ರ ಗೆರೆ ತೋರಿಸುತ್ತೇನೆ. ಪ್ರತಿ ಸಲ ಅಲುಗಾಡಿಸಬೇಕು ಅನ್ನುವುದನ್ನೂ. ಅಲುಗಾಡಿಸದಿದ್ದರೆ ಮೊದಲ ದಿನಗಳಲ್ಲಿ ಔಷಧಿ ಕಡಿಮೆ, ಕೊನೆಗೆ ತಳದಲ್ಲಿ ಗಟ್ಟಿ.

ಎರಡು_ಮಕ್ಕಳ_ಅಮ್ಮ
ಅಯ್ಯೋ, ಈ ಡಬ್ಬಿಯ ದಿನಾಂಕ ಪುಡಿಗೆ ಮಾತ್ರ ಅಂತ ಯಾರೂ ಹೇಳಿರಲಿಲ್ಲ.

ನೇರಮಾತು
ಸರಿ, ಉಳಿದದ್ದನ್ನು ಏನು ಮಾಡುವುದು? ಸಿಂಕಿಗೆ ಸುರಿಯುವುದಾ?

ಲ್ಯಾಬ್_ಕೋಟು
ಬೇಡ. ಚರಂಡಿಯ ನೀರಿನಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತದೆ, ಅಲ್ಲಿಗೂ ಆಂಟಿಬಯೋಟಿಕ್ ಉಣಿಸಿದ ಹಾಗಾಗುತ್ತದೆ. ಹಳೆಯ ಔಷಧಿ ವಾಪಸ್ ಪಡೆಯುವ ಅಂಗಡಿ ಅಥವಾ ಆಸ್ಪತ್ರೆ ಇದ್ದರೆ ಅಲ್ಲಿಗೆ. ಇಲ್ಲದಿದ್ದರೆ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ, ಬಳಸಿದ ಕಾಫಿ ಪುಡಿಯಂಥ ಯಾರೂ ಮುಟ್ಟದ ಕಸದ ಜೊತೆ ಬೆರೆಸಿ, ಚೀಲ ಬಿಗಿಯಾಗಿ ಕಟ್ಟಿ ಕಸಕ್ಕೆ. ಮಕ್ಕಳ, ಪ್ರಾಣಿಗಳ ಕೈಗೆ ಸಿಗಬಾರದು.

ಬಿಡುವಿಲ್ಲದವ
ಎಷ್ಟೋ ಅಂಗಡಿಗಳು ವಾಪಸ್ ತೆಗೆದುಕೊಳ್ಳುವುದೇ ಇಲ್ಲ. "ವಾಪಸ್ ತನ್ನಿ" ಅಂತ ಪಟ್ಟಿಯಲ್ಲಿ ಬರೆಯುವ ಮೊದಲು ನಿಮ್ಮ ಮಾಲೀಕರನ್ನು ಕೇಳಿ. ತಂದವರನ್ನು ಬಾಗಿಲಿಂದ ಕಳುಹಿಸಿದರೆ ಇನ್ನೊಂದು ಸಲ ಅವರು ಏನನ್ನೂ ತರುವುದಿಲ್ಲ.

ಕೌಂಟರ್_ಸುಮಾ
ಕೇಳಿದೆ. ತೆಗೆದುಕೊಳ್ಳೋಣ, ಮುಚ್ಚಳ ಇರುವ ಡಬ್ಬಿ ಇಡಿ ಅಂದರು. ದುಡ್ಡು ವಾಪಸ್ ಇಲ್ಲ ಅಂತ ದೊಡ್ಡದಾಗಿ ಬರೆಯಬೇಕಂತೆ. 😀

ಇಲ್ಲಿಯವರೆಗಿನದ್ದನ್ನು ಸೇರಿಸಿ ಹೊಸದಾಗಿ ಬರೆದಿದ್ದೇನೆ, ನೋಡಿ. 15 ಎಣಿಸಿ ಕವರಿಗೆ ಹಾಕಿ, ಕೊನೆಯ ಡೋಸ್‌ನ ಹೊತ್ತು ಬರೆದಾದ ಮೇಲೆ ಹೇಳುವ ಮಾತು:

"ಈ ಔಷಧಿ ಯಾತಕ್ಕೆ ಅಂತ ಡಾಕ್ಟರು ಹೇಳಿದರು? ... ಸರಿ. ಪೆನಿಸಿಲಿನ್ ಅಥವಾ ಅಂಥ ಔಷಧಿಯಿಂದ ಯಾವತ್ತಾದರೂ ತೊಂದರೆ ಆಗಿತ್ತಾ? ಏನಾಗಿತ್ತು? ...

ಇದರಲ್ಲಿ 15 ಇದೆ, ನಿಮಗೆ ಬೇಕಾದಷ್ಟೇ. ಎದ್ದಾಗ ಒಂದು, ಮಧ್ಯಾಹ್ನ ಒಂದು, ಮಲಗುವಾಗ ಒಂದು. ಮಧ್ಯಾಹ್ನ ಎಲ್ಲಿರುತ್ತೀರಿ? ... ಇವತ್ತು ರಾತ್ರಿ ಮೊದಲನೆಯದು, ಸೋಮವಾರ ಮಧ್ಯಾಹ್ನ ಕೊನೆಯದು. ಮುಂಚೆಯೇ ಹುಷಾರಾದರೂ ಅಲ್ಲಿಯವರೆಗೆ ತೆಗೆದುಕೊಳ್ಳಿ.

ಹೊಟ್ಟೆ ಸ್ವಲ್ಪ ಸಡಿಲ ಆಗಬಹುದು, ಅದಕ್ಕೆ ನಿಲ್ಲಿಸಬೇಡಿ. ನೀರಿನಂತೆ ಪದೇಪದೇ ಆದರೆ, ರಕ್ತ ಕಂಡರೆ ಕೂಡಲೇ ಫೋನ್ ಮಾಡಿ. ಮೈಮೇಲೆ ದದ್ದು, ಮುಖ ಊತ, ಉಸಿರಿಗೆ ತೊಂದರೆ ಆದರೆ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಎರಡು ಮೂರು ದಿನ ಆದರೂ ಏನೂ ಕಡಿಮೆ ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಏನೇ ಕಾರಣಕ್ಕೆ ಒಂದೆರಡು ಉಳಿದರೂ ಇಲ್ಲಿಗೆ ತನ್ನಿ, ಯಾಕೆ ಉಳಿಯಿತು ಅಂತ ಬೈಯುವುದಿಲ್ಲ.

ನಾನು ಸರಿಯಾಗಿ ಹೇಳಿದೆನಾ ನೋಡೋಣ. ಕೊನೆಯದು ಯಾವಾಗ?"

ಲ್ಯಾಬ್_ಕೋಟು
ಚೆನ್ನಾಗಿದೆ. ದದ್ದು ಮಾತ್ರ ಇದ್ದು ಬೇರೇನೂ ಇಲ್ಲದಿದ್ದರೆ ಆಸ್ಪತ್ರೆಗೆ ಓಡಬೇಕಿಲ್ಲ, ನಿಲ್ಲಿಸಿ ಅದೇ ದಿನ ಡಾಕ್ಟರಿಗೆ ಫೋನ್ ಸಾಕು. ಆದರೆ ಕೌಂಟರ್‌ನಲ್ಲಿ ಇದನ್ನು ಬಿಡಿಸಿ ಹೇಳುವುದು ಕಷ್ಟ, ಹಾಗೇ ಇರಲಿ.

ವಿಜ್ಞಾನ_ಮೇಷ್ಟ್ರು
ಪ್ರತಿರೋಧದ ಬಗ್ಗೆ ಒಂದು ಮಾತೂ ಇಲ್ಲ! ನನಗೆ ಇದು ಒಪ್ಪಿಗೆ ಇಲ್ಲ. ಜನಕ್ಕೆ ಕಾರಣ ಗೊತ್ತಾಗಬೇಡವಾ?

ರಾತ್ರಿಪಾಳಿ
ಕಾರಣ ಕೇಳಿದವರಿಗೆ ಹೇಳೋಣ ಮೇಷ್ಟ್ರೇ. ಕೇಳದವರಿಗೆ ಸೋಮವಾರ ಮಧ್ಯಾಹ್ನ ಸಾಕು. ಸುಮಾ ಅವರೇ, ಒಂದು ಸೇರಿಸಿ. "ಮನೆಯಲ್ಲಿ ಹಳೆಯ ಆಂಟಿಬಯೋಟಿಕ್ ಉಳಿದಿದೆಯಾ?" ಅಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ. "ಹೋದ ಸಲದ್ದು ಎಷ್ಟು ಉಳಿದಿದೆ?" ಅಂತ ಕೇಳಿ ನೋಡಿ. ಉಳಿಯುವುದು ಸಹಜ ಅನ್ನುವ ಹಾಗೆ ಕೇಳಿದರೆ ನಿಜ ಹೊರಗೆ ಬರುತ್ತದೆ.

ಬಿಡುವಿಲ್ಲದವ
ನಮ್ಮಲ್ಲಿ ಹಾಗೆ ಕೇಳಿದರೆ "ನಾನು ಔಷಧಿ ಸರಿಯಾಗಿ ತೆಗೆದುಕೊಳ್ಳುವುದಿಲ್ಲ ಅಂತೀರಾ?" ಅಂತ ಜಗಳಕ್ಕೆ ಬರುತ್ತಾರೆ.

ರಾತ್ರಿಪಾಳಿ
ಧ್ವನಿಯ ಮೇಲೆ ಹೋಗುತ್ತದೆ. ನಿಮ್ಮ ಧ್ವನಿ ಇಲ್ಲಿಯವರೆಗೂ ಕೇಳಿಸುತ್ತಿದೆ. 😄

ಪುಟ್ಟಣ್ಣಿ
ಬುಧವಾರ ರಾತ್ರಿ ಬಂದವರಿಗೆ ಸೋಮವಾರ ಮಧ್ಯಾಹ್ನ. ಮಧ್ಯಾಹ್ನ ಬಂದು ಆಗಲೇ ಮೊದಲನೆಯದು ನುಂಗಿದವರಿಗೆ ಸೋಮವಾರ ಬೆಳಿಗ್ಗೆ ಆಗುತ್ತದೆ ಅಲ್ವಾ? ಹೊಸ ಹುಡುಗರು ಇದನ್ನು ಬಾಯಿಪಾಠ ಮಾಡಿ ಎಲ್ಲರಿಗೂ ಸೋಮವಾರ ಮಧ್ಯಾಹ್ನ ಅನ್ನದಂತೆ ನೋಡಿಕೊಳ್ಳಿ.

ಕೌಂಟರ್_ಸುಮಾ
ಹೌದು, ಬುಧವಾರ ಮಧ್ಯಾಹ್ನ ಮತ್ತು ರಾತ್ರಿ ಎರಡು, ನಾಲ್ಕು ದಿನಕ್ಕೆ 12, ಸೋಮವಾರ ಬೆಳಿಗ್ಗೆ ಒಂದು. ಪಟ್ಟಿಯಲ್ಲಿ ಆ ಜಾಗ ಖಾಲಿ ಬಿಡುತ್ತೇನೆ. ಕವರಿನ ಮೇಲೆ ಅವರೇ ಎಣಿಸಿ ಬರೆಯಲಿ.

ಸಿರಪ್_ಶಾಲಿನಿ
ಸಿರಪ್‌ಗೆ ಬೇರೆ ಪಟ್ಟಿ ಮಾಡುತ್ತೀರಾ, ಇದರಲ್ಲೇ ಸೇರಿಸುತ್ತೀರಾ? ಬೇರೆ ಮಾಡುವುದಾದರೆ ನಾನು ಬರೆದು ಕಳುಹಿಸುತ್ತೇನೆ. ನೀರು ಬೆರೆಸಿ ಕೊಡಬೇಕೋ, ಮನೆಯಲ್ಲಿ ಬೆರೆಸಲು ಬಿಡಬೇಕೋ ಅನ್ನುವುದರಿಂದಲೇ ಶುರು ಮಾಡಬೇಕು. ಗೆರೆಯವರೆಗೆ ನೀರು ಹಾಕಿ, ಅಲುಗಾಡಿಸಿ, ಇಳಿದ ಮೇಲೆ ಮತ್ತೆ ಗೆರೆಯವರೆಗೆ ಹಾಕುವುದನ್ನು ಅರ್ಧ ಜನ ಮರೆಯುತ್ತಾರೆ.

ಕೌಂಟರ್_ಸುಮಾ
ಬೇರೆಯೇ ಮಾಡೋಣ ಶಾಲಿನಿ ಅಕ್ಕ. ಕಳುಹಿಸಿ.